ಅತ್ತಿಗೆಯ ನೆಕ್ಲೆಸ್ ಬಿಲ್ಲು

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ದಾವಣಗೆರೆಯಿಂದ ಅತ್ತಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಒಡವೆ ಅಂಗಡಿಯ ಬಿಲ್ಲು. ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿ ತಂದದ್ದನ್ನು ತೊಡೆಯ ಮೇಲಿಟ್ಟುಕೊಂಡು ತೆಗೆದ ಹಾಗಿತ್ತು. ಹಿಂದೆಯೇ ಫೋನೂ ಬಂತು.

"ಹದಿನೇಳು ಗ್ರಾಂ ನೆಕ್ಲೆಸ್ ಕಣೋ. ಗ್ರಾಮಿಗೆ 6,700. ನನ್ನ ಲೆಕ್ಕಕ್ಕೆ ಲಕ್ಷದ ಹದಿನೈದು ಸಾವಿರ ಆಗ್ಬೇಕು. ಲಕ್ಷದ ನಲವತ್ನಾಲ್ಕು ಸಾವಿರ ಕೊಟ್ಟು ಬಂದಿದ್ದೀನಿ. ಉಳಿದಿದ್ದು ಎಲ್ಲಿಗೆ ಹೋಯ್ತು, ಸ್ವಲ್ಪ ನೋಡಿ ಹೇಳು."

ಫೋಟೋ ದೊಡ್ಡದು ಮಾಡಿ ನೋಡಿದೆ. ಮೊದಲ ಸಾಲಿನಲ್ಲಿ ಮೂರು ತೂಕ. ಗ್ರಾಸ್ ವೆಯ್ಟ್ 18.460, ಸ್ಟೋನ್ ವೆಯ್ಟ್ 1.260, ನೆಟ್ ವೆಯ್ಟ್ 17.200. ಆ 7 ಮಾಸಿ ಹೋಗಿ 1ರ ಹಾಗೆ ಕಾಣುತ್ತಿತ್ತು. ಗ್ರಾಸಿನಿಂದ ಕಲ್ಲಿನ ತೂಕ ಕಳೆದರೆ ಸರಿಯಾಗಿ 17.200 ಬಂತು. ಮಸುಕಾದ ಬಿಲ್ಲಿನಲ್ಲಿ ಕಣ್ಣಿಗಿಂತ ಕೂಡು-ಕಳೆ ಲೆಕ್ಕವನ್ನೇ ನಂಬಬೇಕು. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಚಿನ್ನದ ನೆಟ್ ತೂಕ ಬೇರೆಯಾಗಿ ತೋರಿಸಲೇಬೇಕು ಅಂತ ಹಾಲ್‌ಮಾರ್ಕ್ ನೋಡಿಕೊಳ್ಳುವ ಬಿಐಎಸ್ ಸಂಸ್ಥೆಯ ನಿಯಮವಿದೆ. ಅದಿಲ್ಲದಿದ್ದರೆ ಕೆಂಪು ಕಲ್ಲಿಗೂ ಚಿನ್ನದ ರೇಟು ಕೊಟ್ಟು ಬರ್ತೀವಿ.

17.200 ಗ್ರಾಮನ್ನು 6,700ರಿಂದ ಗುಣಿಸಿದರೆ 1,15,240. ಅತ್ತಿಗೆಯ ಲೆಕ್ಕ ಸರಿಯೇ. ಆದರೆ ಬಿಲ್ಲಿನಲ್ಲಿ ಚಿನ್ನದ ಮೊತ್ತ ಅಂತ ಇದ್ದದ್ದು 1,32,552.80. ವೇಸ್ಟೇಜನ್ನೂ ಅದರಲ್ಲೇ ಸೇರಿಸಿಬಿಟ್ಟಿದ್ದಾರೆ. ವೇಸ್ಟೇಜಿಗೆ ಬೇರೆ ಅಂಕಣವೇನೋ ಇತ್ತು, ಆದರೆ ಮಡಿಕೆ ಸರಿಯಾಗಿ ಅದರ ಮೇಲೇ ಬಿದ್ದಿತ್ತು. "2." ಅಂತ ಶುರುವಾಗಿ ಮುಂದಿನದೆಲ್ಲ ಬಿಳಿ ಗೆರೆ.

ಸರಿ, ಹಿಂದಿನಿಂದ ಬಂದೆ. 1,32,552.80ನ್ನು ರೇಟಿನಿಂದ ಭಾಗಿಸಿದರೆ 19.784 ಗ್ರಾಂ. ಅದರಲ್ಲಿ ನೆಟ್ ತೂಕ ಕಳೆದರೆ ಉಳಿಯೋದು 2.584. ಇದೇ ವೇಸ್ಟೇಜ್. ಒಡವೆ ಮಾಡುವಾಗ ಉಜ್ಜಿ, ಕತ್ತರಿಸಿ ಹೋದ ಚಿನ್ನ ಅಂತ ಹಾಕೋದು. ಆದರೆ ಅಂಗಡಿಯವರು ಆ ಪುಡಿಯನ್ನು ಕಸಕ್ಕೇನೂ ಎಸೆಯೋದಿಲ್ಲ ಬಿಡಿ. ಇವತ್ತಿಗೆ ಅದು ಮಜೂರಿಯದ್ದೇ ಇನ್ನೊಂದು ಹೆಸರು.

"ವೇಸ್ಟೇಜ್ ಎಷ್ಟು ಅಂದಿದ್ರು ಅತ್ತಿಗೆ?"

"ಹದಿನಾಲ್ಕು ಪರ್ಸೆಂಟು. ಹದಿನಾರು ಅಂದಿದ್ರು, ಚೌಕಾಸಿ ಮಾಡಿ ಇಳಿಸ್ದೆ."

17.200ಕ್ಕೆ ಹದಿನಾಲ್ಕು ಪರ್ಸೆಂಟ್ ಅಂದರೆ 2.408 ಗ್ರಾಂ. ಇಲ್ಲಿ 2.584 ಇದೆ, ಅಂದರೆ ಹದಿನೈದು ಪರ್ಸೆಂಟಿಗೂ ಒಂಚೂರು ಜಾಸ್ತಿ. ಕೈತಪ್ಪಿ ಹದಿನೈದು ಒತ್ತಿದ್ದಾರೇನೋ ಅಂದುಕೊಂಡೆ. ಹಾಗಿದ್ದರೆ 2.580 ಬರಬೇಕಿತ್ತು. ನಾಲ್ಕು ಮಿಲಿಗ್ರಾಂ ತಾಳೆಯಾಗಲಿಲ್ಲ. ಸುಮ್ನೆ ಗ್ರಾಸ್ ತೂಕ 18.460ಕ್ಕೆ ಹದಿನಾಲ್ಕು ಹಾಕಿ ನೋಡಿದೆ. ಸರಿಯಾಗಿ 2.584! ಕಲ್ಲಿಗೂ ಸೇರಿಸಿ ವೇಸ್ಟೇಜ್ ಹಾಕಿದ್ದರು. ಕಲ್ಲಿನಲ್ಲಿ ಯಾವ ಚಿನ್ನ ಸವೆಯುತ್ತೆ?

ಉಳಿದ ಸಾಲುಗಳಲ್ಲಿ ತಕರಾರು ಇರಲಿಲ್ಲ. ಮೇಕಿಂಗ್ ಗ್ರಾಮಿಗೆ 250ರ ಹಾಗೆ 4,300. ಕಲ್ಲಿಗೆ 3,200. ಎಲ್ಲ ಸೇರಿ 1,40,052.80. ಅದರ ಮೇಲೆ ಜಿಎಸ್‌ಟಿ ಮೂರು ಪರ್ಸೆಂಟ್, ಕೇಂದ್ರಕ್ಕೆ ಒಂದೂವರೆ, ರಾಜ್ಯಕ್ಕೆ ಒಂದೂವರೆ, 4,201.58. ಮೇಕಿಂಗಿಗೆ ಬೇರೆ ಐದು ಪರ್ಸೆಂಟ್ ಅಂತ ತುಂಬ ಜನ ತಿಳಿದಿದ್ದಾರೆ. ನಮ್ಮದೇ ಚಿನ್ನ ಕೊಟ್ಟು ಒಡವೆ ಮಾಡಿಸಿದಾಗ ಮಜೂರಿಗೆ ಬೀಳೋದು ಅದು. ಅಂಗಡಿಯಲ್ಲಿ ಸಿದ್ಧ ಒಡವೆ ಕೊಂಡರೆ ಎಲ್ಲದಕ್ಕೂ ಸೇರಿ ಮೂರೇ. ಕೊನೆಗೆ ಹಾಲ್‌ಮಾರ್ಕಿಗೆ 45, ಅದಕ್ಕೆ ಹದಿನೆಂಟು ಪರ್ಸೆಂಟ್ ತೆರಿಗೆ ಸೇರಿ 53.10. ಒಟ್ಟು 1,44,307.

ಕಲ್ಲಿನ ಮೇಲೆ ಹಾಕಿದ ವೇಸ್ಟೇಜ್ 0.176 ಗ್ರಾಂ, 1,179 ರೂಪಾಯಿ. ಅದಕ್ಕೂ ತೆರಿಗೆ ಕಟ್ಟಿದ್ದು ಸೇರಿ 1,214.

ಅತ್ತಿಗೆ ಅವತ್ತೇ ಸಂಜೆ ಅಂಗಡಿಗೆ ಹೋದರು. "ನಮ್ಮಲ್ಲಿ ಗ್ರಾಸ್ ಮೇಲೇ ಹಾಕೋದು ಮೇಡಂ" ಅಂದರಂತೆ ಕೌಂಟರಿನವರು. ಹಾಗೆ ಹಾಕುವ ಅಂಗಡಿಗಳೂ ಇವೆ, ಇದೇ ಸರಿ ಅನ್ನೋ ಕಾನೂನು ನನಗೆ ಗೊತ್ತಿರುವ ಹಾಗೆ ಇಲ್ಲ. ಅದನ್ನು ಮೊದಲೇ ಹೇಳಬೇಕು, ಅಷ್ಟೆ. ಅತ್ತಿಗೆ ಬಿಡಲಿಲ್ಲ. "ಹದಿನಾಲ್ಕು ಅಂದಾಗ ಕಲ್ಲಿಗೂ ಸೇರಿಸಿ ಅಂತ ಹೇಳಿದ್ರಾ?" ಅಂತ ಮಾಲೀಕರನ್ನೇ ಕೇಳಿದರು. ಅವರು ಕ್ಯಾಲ್ಕುಲೇಟರ್ ಎಳೆದುಕೊಂಡು ಒಂದು ನಿಮಿಷ ಒತ್ತಿ, ಬೇರೆ ಬಿಲ್ಲು ಮಾಡಿಸಿ ಕೊಟ್ಟರಂತೆ.

ರಾತ್ರಿ ಅದರ ಫೋಟೋ ಬಂತು. 1,43,093. ಈ ಸಲ ಬಿಲ್ಲನ್ನು ಮಡಿಸಿರಲಿಲ್ಲ. ಊಟದ ಮೇಜಿನ ಮೇಲೆ ಹರಡಿ, ಒಂದು ಮೂಲೆಗೆ ಉಪ್ಪಿನಕಾಯಿ ಬಾಟಲಿ ಇಟ್ಟು ತೆಗೆದಿದ್ದರು.