ಯಂತ್ರ ಹಾಕುವ ಅಂಕ

ಮನೆಯ ಹುಡುಗಿ ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಓದುತ್ತಿದ್ದಾಳೆ. ಅದರ ಪ್ರಬಂಧಕ್ಕೆ ಒಬ್ಬ ಮನುಷ್ಯನೂ ಇ-ರೇಟರ್ ಎಂಬ ತಂತ್ರಾಂಶವೂ ಅಂಕ ಹಾಕುವ ಪದ್ಧತಿ. ಎರಡೂ ಹತ್ತಿರವಿದ್ದರೆ ಸರಾಸರಿ. ಅಂತರ ಜಾಸ್ತಿಯಾದರೆ ಮತ್ತೊಬ್ಬ ಮನುಷ್ಯ ಓದುತ್ತಾನೆ, ಯಂತ್ರದ ಅಂಕವನ್ನು ಬಿಟ್ಟುಬಿಡುತ್ತಾರೆ.

ಈ ಕಾವಲು ಇರುವುದು ಒಳ್ಳೆಯದೇ. ಯಂತ್ರ ನೋಡುವುದು ಉದ್ದ, ಪದಗಳು, ವ್ಯಾಕರಣದ ತಪ್ಪು, ಜೋಡಣೆ ಇಂಥವನ್ನು. ವಾದ ಸರಿಯೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎಂಐಟಿಯಲ್ಲಿದ್ದ ಲೆಸ್ ಪೆರೆಲ್‌ಮನ್ 2014ರಲ್ಲಿ ಬೇಬೆಲ್ ಎಂಬ ಪ್ರೋಗ್ರಾಂ ತೋರಿಸಿದರು. ಒಂದೆರಡು ಪದ ಕೊಟ್ಟರೆ ಸಾಕು, ಅರ್ಥವೇ ಇಲ್ಲದ ಪ್ರಬಂಧ ಸಿದ್ಧ. ಅದಕ್ಕೆ ಅಂಕ ಹಾಕುವ ಬೇರೊಂದು ತಂತ್ರಾಂಶ 6ಕ್ಕೆ 5.4 ಕೊಟ್ಟಿತು!

ನನಗೆ ಇದಕ್ಕಿಂತ ಚಿಂತೆ ತರುವುದು ಇನ್ನೊಂದು. ಜಿಆರ್‌ಇ ನಡೆಸುವ, ಇ-ರೇಟರ್ ಮಾಡಿದ ಇಟಿಎಸ್ ಸಂಸ್ಥೆಯ ಸಂಶೋಧಕರೇ 2012ರಲ್ಲಿ ಬರೆದಿದ್ದರು: ಚೀನಾದ ಅಭ್ಯರ್ಥಿಗಳಿಗೆ ಯಂತ್ರ ಮನುಷ್ಯರಿಗಿಂತ ಹೆಚ್ಚು ಅಂಕ ಕೊಡುತ್ತಿತ್ತು, ಆಫ್ರಿಕನ್ ಅಮೆರಿಕನ್ನರಿಗೆ ಕಡಿಮೆ. ಎಲ್ಲರನ್ನೂ ಒಟ್ಟಿಗೆ ಹಾಕಿ ನೋಡಿದರೆ ಯಂತ್ರಕ್ಕೂ ಮನುಷ್ಯರಿಗೂ ಚೆನ್ನಾಗಿ ಹೊಂದುತ್ತದೆ. ಗುಂಪು ಗುಂಪಾಗಿ ಬಿಡಿಸಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ.

ಮತ್ತೊಬ್ಬ ಓದುಗ ಬರುವುದು ದೊಡ್ಡ ಅಂತರಕ್ಕೆ ಮಾತ್ರ ಅಲ್ವಾ? ಒಂದು ಗುಂಪಿನವರಿಗೆಲ್ಲ ಸ್ವಲ್ಪ ಸ್ವಲ್ಪವೇ ಕಡಿಮೆ ಬಿದ್ದರೆ ಯಾವ ಎಚ್ಚರಿಕೆಯ ಗಂಟೆಯೂ ಮೊಳಗುವುದಿಲ್ಲ. ಹಾಗಾಗಿ ಅಂಕಗಳು ಹೊಂದಿಕೊಂಡ ಪ್ರಬಂಧಗಳಲ್ಲೂ ಕೆಲವನ್ನು ಪ್ರತಿ ಗುಂಪಿನಿಂದ ಆರಿಸಿ, ಯಂತ್ರದ ಅಂಕ ಮುಚ್ಚಿಟ್ಟು, ಇಬ್ಬರು ಮನುಷ್ಯರಿಂದ ಓದಿಸಬೇಕು.