ನೀರು ಹೋದ ಮೇಲಿನ ಮೊದಲ ನಿಮಿಷ

ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದ ದಿನಗಳಲ್ಲಿ ನಡೆದ ಒಂದು ಹೆರಿಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಆ ರಾತ್ರಿ ನಾವು ಮಾಡಿದ ಒಂದು ತಪ್ಪೂ ಮಾಡಿದ ಒಂದು ಸರಿಯಾದ ಕೆಲಸವೂ ಒಂದಕ್ಕೊಂದು ಅಂಟಿಕೊಂಡೇ ಇವೆ.

ಆಕೆಗೆ ಅದು ಮೂರನೆಯ ಹೆರಿಗೆ; ಮೂವತ್ತೇಳು ವಾರ ತುಂಬಿತ್ತು. ಸ್ಕ್ಯಾನಿಂಗ್ ವರದಿಯಲ್ಲಿ ಗರ್ಭದ ನೀರು ಹೆಚ್ಚಾಗಿದೆ ಎಂದಿತ್ತು, ಹೊಟ್ಟೆ ಮುಟ್ಟಿ ನೋಡಿದರೆ ಮಗುವಿನ ತಲೆ ಸೊಂಟದ ಗೂಡಿಗೆ ಇಳಿಯದೆ ಮೇಲೆಯೇ ತೇಲುತ್ತಿತ್ತು. ತಲೆ ಕೆಳಗೆ ಗಟ್ಟಿಯಾಗಿ ಕೂತಿದ್ದರೆ ಅದೇ ಬಿರಡೆಯಂತೆ ದಾರಿ ಮುಚ್ಚಿರುತ್ತದೆ; ಕೂರದಿದ್ದಾಗ ಪಕ್ಕದಲ್ಲಿ ಉಳಿಯುವ ಜಾಗದ ಮೂಲಕ, ನೀರಿನ ರಭಸದೊಂದಿಗೆ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಕೆಳಗೆ ಜಾರಿಬಿಡಬಹುದು. ಮಗು ಅಡ್ಡಲಾಗಿರುವುದು, ಕಾಲು ಮುಂದಾಗಿ ಬರುವುದು, ಅವಧಿಗೆ ಮುಂಚಿನ ಸಣ್ಣ ಮಗು, ಅವಳಿಯಲ್ಲಿ ಎರಡನೆಯ ಮಗು, ಇವೆಲ್ಲವೂ ಅಪಾಯವಾಗುವುದು ಇದೇ ಕಾರಣಕ್ಕೆ. ತಲೆ ಮೇಲಿರುವಾಗ ನಾವೇ ನೀರಿನ ಚೀಲ ಒಡೆಯುವುದೂ ಈ ಪಟ್ಟಿಗೆ ಸೇರಬೇಕು. ಬಳ್ಳಿ ಜಾರಿದ ಪ್ರಕರಣಗಳಲ್ಲಿ ಗಣನೀಯ ಭಾಗ ನಮ್ಮ ಕೈಯ ಕೆಲಸದ ನಂತರವೇ ಆಗುತ್ತದೆ ಎಂಬುದನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಆಕೆಯ ನೀರು ತಾನಾಗಿಯೇ ಹೋಯಿತು. ರಾತ್ರಿ 2 ಗಂಟೆ 10 ನಿಮಿಷಕ್ಕೆ "ಸಿಸ್ಟರ್, ನೀರು ಹೋಯ್ತು" ಎಂದು ಜೊತೆಗಿದ್ದ ಅತ್ತೆ ಕೂಗಿದರು. ನಾನು ಮಾಡಿದ ಮೊದಲ ಕೆಲಸ ಒದ್ದೆ ಬಟ್ಟೆ ಬದಲಿಸಿದ್ದು, ಅದೇ ನನ್ನ ತಪ್ಪು. ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಇಟ್ಟಾಗ ಮೂರು ನಿಮಿಷ ಕಳೆದಿತ್ತು. ಅರ್ಧ ಗಂಟೆ ಮುಂಚೆ ನಿಮಿಷಕ್ಕೆ 140 ಇದ್ದ ಮಗುವಿನ ಎದೆಬಡಿತ 80ಕ್ಕೆ ಇಳಿದಿತ್ತು, ನೋವು ಹೋದ ಮೇಲೂ ಮೇಲೇರಲಿಲ್ಲ. ತಾಯಿಯ ನಾಡಿಯನ್ನೇ ಕೇಳುತ್ತಿದ್ದೇನೆಯೇ ಎಂದು ಆಕೆಯ ಮಣಿಕಟ್ಟು ಹಿಡಿದು ನೋಡಿದೆ. ಅದು ಬೇರೆಯೇ ಇತ್ತು. ಕೈಗವಸು ಹಾಕಿ ಒಳಗೆ ಪರೀಕ್ಷಿಸಿದಾಗ ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದಿತ್ತು, ತಲೆಯ ಪಕ್ಕದಲ್ಲಿ ಮೆತ್ತಗಿನ, ಬೆರಳಿಗೆ ತಾಳ ಬಡಿಯುವ ಸುರುಳಿಯೊಂದು ಸಿಕ್ಕಿತು. ಬಳ್ಳಿ ಹೊರಗೆ ಕಾಣಿಸಲೇ ಇಲ್ಲ. ಹಾಸಿಗೆ ನೋಡಿ ಎಲ್ಲವೂ ಸರಿ ಎಂದುಕೊಂಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಆ ಕೈಯನ್ನು ನಾನು ಹೊರಗೆ ತೆಗೆಯಲಿಲ್ಲ. ಎರಡು ಬೆರಳುಗಳಿಂದ ತಲೆಯನ್ನು ಮೇಲಕ್ಕೆ ಒತ್ತಿ ಹಿಡಿದು, ಬಳ್ಳಿಯ ಮೇಲಿನ ಭಾರ ಇಳಿಸಿ, ಸಹಾಯಕ್ಕೆ ಕೂಗಿದೆ. ಬಳ್ಳಿಯನ್ನು ಒಳಗೆ ತಳ್ಳಿ ಸೇರಿಸಲು ಹೋಗಬಾರದು. ಹೆಚ್ಚು ಮುಟ್ಟಿದಷ್ಟೂ, ತಣ್ಣಗಾದಷ್ಟೂ ಅದರ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬಂದ ಇನ್ನೊಬ್ಬ ಸಿಸ್ಟರ್ ಆಕೆಯನ್ನು ಮೊಣಕಾಲು ಮತ್ತು ಎದೆಯ ಮೇಲೆ ಬಗ್ಗುವಂತೆ ತಿರುಗಿಸಿ, ಪೃಷ್ಠ ಮೇಲೆ ಬರುವಂತೆ ಮಾಡಿದರು. ಹೆರಿಗೆ ನೋವು ಹೆಚ್ಚಿಸಲು ಹಾಕಿದ ಡ್ರಿಪ್ ಇದ್ದಿದ್ದರೆ ಮೊದಲು ನಿಲ್ಲಿಸಬೇಕಿತ್ತು, ಆಕೆಗೆ ಹಾಕಿರಲಿಲ್ಲ.

ಡಾಕ್ಟರ್ ಕ್ವಾರ್ಟರ್ಸಿನಲ್ಲಿದ್ದರು, ಆದರೆ ಅರಿವಳಿಕೆ ತಜ್ಞರು ಬರಲು ಇಪ್ಪತ್ತು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಬೆರಳುಗಳ ಬಲ ಉಳಿಯುವುದಿಲ್ಲ. ಐದನೆಯ ನಿಮಿಷಕ್ಕೇ ನನ್ನ ಬೆರಳು ಜೋಮು ಹಿಡಿದಿದ್ದವು. ಬಂದ ಡಾಕ್ಟರ್ ಮೊದಲು ಹೇಳಿದ್ದು, "ಮೂತ್ರಕೋಶ ತುಂಬಿಸಿ." ಮೂತ್ರದ ಫೋಲೀಸ್ ಕೊಳವೆ ಹಾಕಿ, ಅದಕ್ಕೆ ಡ್ರಿಪ್ ಸೆಟ್ ಜೋಡಿಸಿ, 500 ಮಿಲಿಲೀಟರ್ ಸಲೈನ್ ಒಳಗೆ ಬಿಟ್ಟು ಕೊಳವೆಗೆ ಕ್ಲಾಂಪ್ ಹಾಕಿದೆವು. ತುಂಬಿದ ಮೂತ್ರಕೋಶ ಗರ್ಭಕೋಶದ ಮುಂದೆ ಚೆಂಡಿನಂತೆ ಉಬ್ಬಿ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಬೆರಳಿನ ಕೆಲಸವನ್ನು ಅದೇ ಮಾಡುತ್ತದೆ. ಗರ್ಭಕೋಶ ಬಿಗಿಯುವುದನ್ನು ತಗ್ಗಿಸಲು ಟರ್ಬ್ಯುಟಲಿನ್ 0.25 ಮಿಲಿಗ್ರಾಂ ಚರ್ಮದಡಿ ಕೊಟ್ಟರು. ಎದೆಬಡಿತ 110ಕ್ಕೆ ಏರಿತು. ಆಗ ಕೈ ತೆಗೆದೆ. ಸ್ಟ್ರೆಚರ್‌ನಲ್ಲಿ ಮೊಣಕಾಲಿನ ಮೇಲೆ ಕೂರಿಸಲಾಗದೆ ಎಡಮಗ್ಗುಲಲ್ಲಿ, ಸೊಂಟದಡಿ ದಿಂಬಿಟ್ಟು ಕರೆದೊಯ್ದೆವು. ದೊಡ್ಡಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳುಹಿಸುವುದಾದರೂ ಇದೇ ಭಂಗಿ ಸುರಕ್ಷಿತ.

ಬಾಯಿ ಪೂರ್ತಿ ತೆರೆದು ತಲೆ ಕೆಳಗಿದ್ದಿದ್ದರೆ ವ್ಯಾಕ್ಯೂಮ್‌ನಿಂದ ಅಲ್ಲೇ ಬೇಗ ಹೆರಿಗೆ ಮಾಡಿಸಬಹುದಿತ್ತು. ಐದು ಸೆಂಟಿಮೀಟರಿಗೆ ಸಿಸೇರಿಯನ್ ಒಂದೇ ದಾರಿ. ಆಪರೇಷನ್ ಟೇಬಲ್ ಮೇಲೆ ಮತ್ತೊಮ್ಮೆ ಎದೆಬಡಿತ ಕೇಳಿದೆವು. ಬಳ್ಳಿಯ ತಾಳ ಬೆರಳಿಗೆ ಸಿಗದಿದ್ದರೂ ಮಗು ಬದುಕಿರಬಹುದಾದ್ದರಿಂದ ಡಾಪ್ಲರ್ ಅಥವಾ ಸ್ಕ್ಯಾನ್ ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ. ಹೊಟ್ಟೆಗೆ ಕತ್ತಿ ಇಡುವ ಮುನ್ನ ಕ್ಲಾಂಪ್ ಬಿಚ್ಚಿ ಮೂತ್ರಕೋಶ ಖಾಲಿ ಮಾಡುವುದನ್ನು ಆತುರದಲ್ಲಿ ಮರೆತರೆ ಅದಕ್ಕೇ ಗಾಯವಾಗುತ್ತದೆ. ಹಾಗಾಗಿ ನಾನು ಅದನ್ನು ಬಾಯಿಬಿಟ್ಟು ಹೇಳಿ ಡಾಕ್ಟರಿಂದ "ಆಯ್ತು" ಎನಿಸಿಕೊಂಡೆ.

2 ಗಂಟೆ 47ಕ್ಕೆ ಹೆಣ್ಣು ಮಗು ಹೊರಬಂತು. ಸಪ್ಪಗಿತ್ತು, ಬ್ಯಾಗ್ ಮತ್ತು ಮಾಸ್ಕ್‌ನಿಂದ ಒಂದು ನಿಮಿಷ ಉಸಿರು ಕೊಟ್ಟ ಮೇಲೆ ಅತ್ತಿತು. ಈಗ ತಲೆ ಮೇಲಿರುವ ತಾಯಿಯ ಮಂಚದ ಪಕ್ಕದಲ್ಲಿ ನಾನು ಡಾಪ್ಲರ್ ಮೊದಲೇ ಇಟ್ಟಿರುತ್ತೇನೆ, ಒಣ ಬಟ್ಟೆ ಅದರ ಕೆಳಗಿರುತ್ತದೆ.