ಓವರ್‌ಟೈಮ್ ಕಳೆದ ಮೇಲೆ ಉಳಿಯುವ ಸಂಬಳ: ಒಂದು ಕೋರ್ಸಿನ ಲೆಕ್ಕ

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ವಿಎಂಸಿ ಎಂಬ, ಲೋಹ ಕತ್ತರಿಸುವ ಕಂಪ್ಯೂಟರ್ ನಿಯಂತ್ರಿತ ಯಂತ್ರದ ಆಪರೇಟರ್ ಆಗಿದ್ದಾಗ ನನ್ನ ಸಂಬಳ 19,000 ರೂಪಾಯಿ. ಇಂಥ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವ ಸಿಎನ್‌ಸಿ ಪ್ರೋಗ್ರಾಮಿಂಗ್ ಕಲಿಸುವ ಖಾಸಗಿ ಸಂಸ್ಥೆಯೊಂದು ನಾಲ್ಕು ತಿಂಗಳ ಸಂಜೆ ತರಗತಿಗೆ 40,000 ರೂಪಾಯಿ ಫೀಸು ಕೇಳಿತು. ಪ್ರೋಗ್ರಾಮರ್‌ಗೆ 26,000 ಸಿಗುತ್ತದೆ, ತಿಂಗಳಿಗೆ 7,000 ಹೆಚ್ಚು, ಆರು ತಿಂಗಳೊಳಗೆ ಫೀಸು ಹುಟ್ಟುತ್ತದೆ ಎಂದು ಅಲ್ಲಿಯವರು ಚೀಟಿಯ ಮೇಲೆ ಬರೆದೇ ತೋರಿಸಿದರು.

ಮನೆಗೆ ಬಂದು ಆ ಚೀಟಿಯ ಪಕ್ಕದಲ್ಲಿ ನನ್ನ ಪೇಸ್ಲಿಪ್ ಇಟ್ಟು ನೋಡಿದಾಗ ಲೆಕ್ಕ ಬೇರೆಯಾಯಿತು. ತಿಂಗಳಿಗೆ ಸುಮಾರು 22 ಗಂಟೆ ಓವರ್‌ಟೈಮ್ ಮಾಡುತ್ತಿದ್ದೆ. ಅದಕ್ಕೆ ಎರಡು ಪಟ್ಟು ದರವಿರುವುದರಿಂದ 4,000 ರೂಪಾಯಿ ಸೇರಿ ನನ್ನ ನಿಜವಾದ ಗಳಿಕೆ 23,000 ಆಗುತ್ತಿತ್ತು. ನಮ್ಮಲ್ಲಿ ಪ್ರೋಗ್ರಾಮರ್ ಎಂದರೆ ಜನರಲ್ ಶಿಫ್ಟಿನ ಸ್ಟಾಫ್, ಅವರಿಗೆ ಓವರ್‌ಟೈಮ್ ಇಲ್ಲ. ಹಾಗಾಗಿ ಹೆಚ್ಚಳ ಏಳಲ್ಲ, ಮೂರು ಸಾವಿರ. ಫೀಸಿನ ಮೇಲೆ ಶೇ. 18ರ ಜಿಎಸ್‌ಟಿ 7,200, ಸಂಜೆ ತರಗತಿಗಾಗಿ ನಾಲ್ಕು ತಿಂಗಳು ಬಿಡಬೇಕಾದ ಓವರ್‌ಟೈಮ್ 16,000. ಒಟ್ಟು ಖರ್ಚು 63,200 ಎಂದರೆ, ಕೋರ್ಸ್ ಮುಗಿದ ಮರುದಿನವೇ ಕೆಲಸ ಸಿಕ್ಕರೂ ಹಣ ಮರಳಲು 21 ತಿಂಗಳು ಹಿಡಿಯುತ್ತದೆ.

ಆದರೆ ಕೆಲಸ ಸಿಗುವುದು ಎಷ್ಟು ಜನರಿಗೆ? ಸಂಸ್ಥೆಯವರು ಇಬ್ಬರ ಫೋನ್ ನಂಬರ್ ಕೊಟ್ಟರು. ಇಬ್ಬರೂ ಪ್ರೋಗ್ರಾಮರ್‌ಗಳೇ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರಲ್ಲೊಬ್ಬರ ಮೂಲಕ ಅದೇ ಬ್ಯಾಚಿನ ಇನ್ನೂ ಆರು ಮಂದಿಯನ್ನು ಹುಡುಕಿ ಮಾತನಾಡಿಸಿದೆ. ಎಂಟರಲ್ಲಿ ಮೂವರಿಗಷ್ಟೇ ಪ್ರೋಗ್ರಾಮರ್ ಕೆಲಸ ಸಿಕ್ಕಿತ್ತು. ಮೂರು ಸಾವಿರವನ್ನು ಎಂಟರಲ್ಲಿ ಮೂರರ ಪ್ರಮಾಣಕ್ಕೆ ಇಳಿಸಿದರೆ ತಿಂಗಳಿಗೆ 1,125 ರೂಪಾಯಿ. ಖರ್ಚು ಹುಟ್ಟಲು ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು.

ಸರಾಸರಿಗಿಂತ ಉಪಯೋಗಕ್ಕೆ ಬಂದದ್ದು ಆ ಮೂವರ ಹಿನ್ನೆಲೆ. ಮೂವರೂ ಕೋರ್ಸಿಗೆ ಮೊದಲೇ ತಮ್ಮ ಕಾರ್ಖಾನೆಗಳಲ್ಲಿ ಸೆಟ್ಟರ್, ಅಂದರೆ ಹೊಸ ಕೆಲಸಕ್ಕೆ ಯಂತ್ರವನ್ನು ಸಜ್ಜು ಮಾಡಿಕೊಡುವವರು, ಆಗಿದ್ದವರು. ಉಳಿದ ಐವರು ನನ್ನಂತೆ ಜಾಬ್, ಅಂದರೆ ಕತ್ತರಿಸಬೇಕಾದ ತುಂಡು, ಯಂತ್ರಕ್ಕೆ ಕಟ್ಟಿ, ಸೈಕಲ್ ಸ್ಟಾರ್ಟ್ ಒತ್ತುವ ಆಪರೇಟರ್‌ಗಳು. ಸಂದರ್ಶನದಲ್ಲಿ ಅವರಿಗೆ ಡ್ರಾಯಿಂಗ್ ಕೊಟ್ಟು, ಯಾವ ಮುಖವನ್ನು ಮೊದಲು ಹೊಡೆಯುತ್ತೀರಿ, ಎಲ್ಲಿ ಕ್ಲ್ಯಾಂಪ್ ಮಾಡುತ್ತೀರಿ ಎಂದು ಕೇಳಿದ್ದರು. ಆ ಪ್ರಶ್ನೆಗೆ ಕಂಪ್ಯೂಟರ್ ಮುಂದೆ ಕಲಿತ ಸಾಫ್ಟ್‌ವೇರಿನಲ್ಲಿ ಉತ್ತರವಿರಲಿಲ್ಲ. ಅಂದರೆ ಎಂಟರಲ್ಲಿ ಮೂರು ಎಂಬ ಅಂಕಿ ನನಗೆ ಅನ್ವಯಿಸುವುದೇ ಇಲ್ಲ; ನನ್ನ ಗುಂಪಿನಲ್ಲಿ ಐವರಲ್ಲಿ ಒಬ್ಬರಿಗೂ ಸಿಕ್ಕಿರಲಿಲ್ಲ. ಎಂಟು ಜನರ ಮಾತು ದೊಡ್ಡ ಪುರಾವೆಯಲ್ಲ, ನಿಜ, ಆದರೆ 63,200 ರೂಪಾಯಿಯನ್ನು ತಡೆಹಿಡಿಯಲು ನನಗೆ ಅಷ್ಟು ಸಾಕಾಯಿತು.

ಆ ವರ್ಷ ಫೀಸು ಕಟ್ಟಲಿಲ್ಲ. ನಮ್ಮ ಸೆಟ್ಟರ್ ಅಣ್ಣನ ಜೊತೆ ನಿಂತು ಜಾಬ್ ಹಿಡಿಯುವ ವೈಸ್ ನೇರವಾಗಿದೆಯೇ ಎಂದು ಡಯಲ್ ಹಿಡಿದು ನೋಡುವುದನ್ನು, ಎಡ್ಜ್ ಫೈಂಡರಿನಿಂದ ಜಾಬಿನ ಮೂಲೆ ಹಿಡಿದು ಅದು ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವ G54 ಆಫ್‌ಸೆಟ್ ಹಾಕುವುದನ್ನು ಕಲಿತೆ. ಹದಿನಾಲ್ಕು ತಿಂಗಳ ನಂತರ ಸೆಟ್ಟರ್ ಆದಾಗ ಸಂಬಳ 22,000 ಆಯಿತು, ಓವರ್‌ಟೈಮೂ ಉಳಿಯಿತು. ಈಗ ಅದೇ ಕೋರ್ಸಿನ ಲೆಕ್ಕವನ್ನು ಮತ್ತೆ ಹಾಕುತ್ತಿದ್ದೇನೆ. ಈ ಸಲ ಸೆಟ್ಟರ್‌ಗಳಾಗಿದ್ದವರನ್ನು ಮಾತ್ರ ಹುಡುಕಿ ಕೇಳುತ್ತಿದ್ದೇನೆ.